ಒಂದೇ ಅಂಗಡಿ, ಮೂರು ಬಗೆಯ ಮಾತು: ನಮ್ಮ ಸೀರೆ ಪುಟಗಳ ದನಿಯನ್ನು ಒಂದು ಮಾಡುವುದು ಹೇಗೆ?

ಸೆರಗಂಚು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ನಾದಿನಿ ಮತ್ತು ಅಣ್ಣನ ಮಗ, ಹೀಗೆ ಮೂವರು ಸೇರಿ ಮೂರು ವರ್ಷಗಳಿಂದ ಮನೆಯಿಂದಲೇ ಇಳಕಲ್ ಸೀರೆ ಮತ್ತು ಹತ್ತಿ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುತ್ತಿದ್ದೇವೆ. ಇನ್‌ಸ್ಟಾಗ್ರಾಮ್ ಅಣ್ಣನ ಮಗನ ಕೈಯಲ್ಲಿದೆ, ಫೇಸ್‌ಬುಕ್ ಪುಟವನ್ನೂ ವಾರಕ್ಕೊಮ್ಮೆ ನಡೆಸುವ ಲೈವನ್ನೂ ನಾದಿನಿ ನೋಡಿಕೊಳ್ಳುತ್ತಾಳೆ, ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಬರುವ ವಿಚಾರಣೆ ಮತ್ತು ಆರ್ಡರುಗಳು ನನ್ನ ಪಾಲಿಗೆ ಬಿದ್ದಿವೆ.

ಕಳೆದ ವಾರ ನಡೆದದ್ದನ್ನು ಹೇಳಿದರೆ ನನ್ನ ಪ್ರಶ್ನೆ ತಾನಾಗಿಯೇ ತಿಳಿಯುತ್ತದೆ. ಅಣ್ಣನ ಮಗ ಒಂದು ಹಸಿರು ಸೀರೆಯ ಚಿತ್ರ ಹಾಕಿ, "ಮಳೆ ನಿಂತ ಮೇಲೆ ಬಾಳೆ ಎಲೆಯ ಮೇಲೆ ಉಳಿಯುವ ಹಸಿರು, ಅಜ್ಜಿಯ ಪೆಟ್ಟಿಗೆಯ ಘಮ" ಎಂದು ಬರೆದಿದ್ದ. ಅದನ್ನು ನೋಡಿದ ಒಬ್ಬ ಗ್ರಾಹಕರು ಚಿತ್ರವನ್ನು ವಾಟ್ಸ್ಆ್ಯಪ್‌ಗೆ ಕಳುಹಿಸಿ, ಸೀರೆ ಇದೆಯೇ ಎಂದು ವಿಚಾರಿಸಿದರು. ಮೊದಲು ನಮ್ಮ ಸ್ವಯಂಚಾಲಿತ ಸಂದೇಶ ಹೋಯಿತು: "ಹಾಯ್ ಡಿಯರ್, ಸೀರೆ ಲೋಕಕ್ಕೆ ಸ್ವಾಗತ!" ಹತ್ತು ನಿಮಿಷದ ನಂತರ ನಾನು ಬರೆದೆ: "ಬಾಟಲ್ ಗ್ರೀನ್ ಇದೆ. ಅಡ್ವಾನ್ಸ್ ಪೇಮೆಂಟ್ ಮಾತ್ರ. ರಿಟರ್ನ್ ಇಲ್ಲ." ಆ ಹೊತ್ತಿನಲ್ಲಿ ಒಲೆಯ ಮೇಲೆ ಹಾಲಿತ್ತು; ಅದಕ್ಕಿಂತ ಹೆಚ್ಚು ಬರೆಯುವ ವ್ಯವಧಾನ ನನಗಿರಲಿಲ್ಲ.

ಅವರು ಅರ್ಧ ದಿನ ಸುಮ್ಮನಿದ್ದು, ಆಮೇಲೆ ಫೇಸ್‌ಬುಕ್ ಪುಟದಲ್ಲಿ ಬಹಿರಂಗವಾಗಿಯೇ ಕೇಳಿದರು: "ಈ ವಾಟ್ಸ್ಆ್ಯಪ್ ನಂಬರ್ ನಿಜವಾಗಿಯೂ ನಿಮ್ಮದೇ? ಅಲ್ಲಿ ಮಾತಾಡುತ್ತಿರುವವರು ನೀವಲ್ಲ ಅನಿಸಿತು." ಅದಕ್ಕೆ ನಾದಿನಿ, "ನಮ್ದ ಐತ್ರಿ ಅಕ್ಕಾರ, ಧೈರ್ಯವಾಗಿ ತಗೋರಿ, ಆ ಗಿಳಿಹಸಿರು ಒಂದೇ ಉಳದೈತಿ" ಎಂದು ಉತ್ತರಿಸಿದಳು. ಬಾಳೆ ಎಲೆ, ಬಾಟಲ್ ಗ್ರೀನ್, ಗಿಳಿಹಸಿರು, ಮೂರೂ ಒಂದೇ ಸೀರೆಯ ಹೆಸರುಗಳು. ಅವರು ಸೀರೆಯನ್ನು ಕೊಳ್ಳಲಿಲ್ಲ.

ನಮ್ಮ ಬ್ರ್ಯಾಂಡಿನ ಧ್ವನಿ ಎಲ್ಲೆಡೆ ಒಂದೇ ಆಗಿರಬೇಕಾದರೆ ಮೂರೂ ಕಡೆ ಒಬ್ಬರೇ ಬರೆಯಬೇಕೇ? ಅದು ನಮ್ಮಿಂದ ಆಗದ ಕೆಲಸ. ಬೇರೆ ದಾರಿ ಇದ್ದರೆ ತಿಳಿಸಬೇಕೆಂದು ಕೋರುತ್ತೇನೆ.

ಮೈಕ್ ಮಾವ

ಧ್ವನಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಭವವಿರುವುದರಿಂದ ಹೇಳುತ್ತಿದ್ದೇನೆ. ರೀಲ್ಸ್‌ಗೆ ಒಬ್ಬರು, ಲೈವ್‌ಗೆ ಇನ್ನೊಬ್ಬರು ಮಾತಾಡಿದರೆ ಕೇಳುವವರಿಗೆ ಗೊಂದಲವಾಗುವುದು ಸಹಜ. ನಿಮ್ಮ ಮೂವರಲ್ಲಿ ಯಾರ ಕಂಠ ಸ್ಪಷ್ಟವಾಗಿದೆಯೋ ಅವರಿಂದಲೇ ಎಲ್ಲ ವಿಡಿಯೊಗಳಿಗೆ ಹಿನ್ನೆಲೆ ಮಾತು ಹೇಳಿಸಿ. ಅಂಗಿಗೆ ಸಿಕ್ಕಿಸುವ ಸಣ್ಣ ಮೈಕ್ ಬಳಸಿ, ಫ್ಯಾನ್ ನಿಲ್ಲಿಸಿ. ಸೀರೆಯ ರಾಶಿ ಇರುವ ಕೋಣೆಯಲ್ಲಿ ಬಟ್ಟೆಯೇ ಪ್ರತಿಧ್ವನಿಯನ್ನು ಹೀರಿಕೊಳ್ಳುವುದರಿಂದ ಬೇರೆ ಸ್ಟುಡಿಯೊದ ಅಗತ್ಯವೇ ಇರುವುದಿಲ್ಲ.

ಸೆರಗಂಚು

ಧನ್ಯವಾದಗಳು, ಫ್ಯಾನಿನ ಸಲಹೆಯನ್ನು ಇಂದಿನಿಂದಲೇ ಪಾಲಿಸುತ್ತೇವೆ. ಆದರೆ ನಾನು ಕೇಳಿದ್ದು ಕಂಠದ ವಿಷಯವಲ್ಲ, ಬರವಣಿಗೆಯಲ್ಲಿ ಮತ್ತು ಉತ್ತರಗಳಲ್ಲಿ ನಮ್ಮ ಅಂಗಡಿಯ ಮಾತಿನ ರೀತಿ ಒಂದೇ ಇರುವುದರ ವಿಷಯ. "ಧ್ವನಿ" ಎಂಬ ಪದ ಬಳಸಿದ್ದು ನನ್ನದೇ ತಪ್ಪಿರಬಹುದು.

ಲೆಕ್ಕದ ಪುಸ್ತಕ

ಇದು ನೀವು ತಿಳಿದಷ್ಟು ಕಷ್ಟವಲ್ಲ. ಒಂದು ಸೀರೆಗೆ ಒಂದೇ ಬರಹವನ್ನು ಸಿದ್ಧಪಡಿಸಿ, ಅದನ್ನೇ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮತ್ತು ವಾಟ್ಸ್ಆ್ಯಪ್ ಕ್ಯಾಟಲಾಗ್ ಮೂರಕ್ಕೂ ನಕಲು ಮಾಡಿ ಅಂಟಿಸಿ. ನಾನು ರವಿಕೆ ಕಣಗಳನ್ನು ಮಾರುವವನು, ಎರಡು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ. ಅಕ್ಷರ ಅಕ್ಷರಕ್ಕೂ ಒಂದೇ ಇರುವಾಗ ವ್ಯತ್ಯಾಸ ಬರುವುದಾದರೂ ಎಲ್ಲಿಂದ?

ಅಕ್ಷರ ಕೆಲಸ

ಲೆಕ್ಕದ ಪುಸ್ತಕದವರು ಹೇಳಿದ್ದರಲ್ಲಿ ಅರ್ಧ ಸರಿಯಿದೆ. ಸೀರೆಯ ಹೆಸರು, ಬಣ್ಣ, ನೂಲು, ಅಳತೆ ಇವು ಎಲ್ಲ ಕಡೆಯೂ ಅಕ್ಷರಶಃ ಒಂದೇ ಇರಬೇಕು. ಉಳಿದದ್ದನ್ನೂ ಹಾಗೆಯೇ ಅಂಟಿಸಲು ಹೋದರೆ ತೊಂದರೆ ಬರುತ್ತದೆ. ಇನ್‌ಸ್ಟಾಗ್ರಾಮಿನ ಬರಹಕ್ಕೆ 2,200 ಅಕ್ಷರಗಳವರೆಗೆ ಜಾಗವಿದ್ದರೂ ಚಿತ್ರದ ಕೆಳಗೆ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದು ಮಡಚಿಕೊಳ್ಳುತ್ತದೆ. ಅಲ್ಲಿ ಲಿಂಕ್ ಹಾಕಿದರೆ ಒತ್ತಲು ಬರುವುದೂ ಇಲ್ಲ. ಕ್ಯಾಟಲಾಗ್ ತೆರೆದವರಿಗೆ ಬೇಕಾಗಿರುವುದು ಬೆಲೆ, ಉದ್ದ ಮತ್ತು ರವಿಕೆ ಕಣ ಇದೆಯೇ ಎಂಬುದು. ಅಲ್ಲಿ ಬಾಳೆ ಎಲೆಯ ಮೇಲಿನ ಮಳೆ ಅಡ್ಡ ಬರುತ್ತದೆ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಸೆರಗಂಚು ಅವರ ಗ್ರಾಹಕರು ಬೆದರಿದ್ದು ಪೋಸ್ಟುಗಳನ್ನು ನೋಡಿ ಅಲ್ಲ, ಉತ್ತರವನ್ನು ನೋಡಿ. ನಾನು ಹಲವು ಸಣ್ಣ ಬಟ್ಟೆ ಅಂಗಡಿಗಳಿಗೆ ಬರೆದುಕೊಟ್ಟಿದ್ದೇನೆ. ಪೋಸ್ಟುಗಳಿಗೆ ಎಲ್ಲರೂ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಉತ್ತರವನ್ನು ಮಾತ್ರ ನಿಂತ ಕಾಲಿನಲ್ಲಿ ಬರೆಯುತ್ತಾರೆ. ಕೊಳ್ಳುವವರು ಹಣ ಕಳುಹಿಸುವ ಕ್ಷಣದಲ್ಲಿ ಓದುತ್ತಿರುವುದು ಆ ಉತ್ತರವನ್ನೇ.

ಏನನ್ನಾದರೂ ಬದಲಿಸುವ ಮೊದಲು ಒಂದು ಕೆಲಸ ಮಾಡಿ ನೋಡಿ. ಕಳೆದ ಒಂದು ತಿಂಗಳಲ್ಲಿ ನೀವು ಮೂವರೂ ಬರೆದದ್ದರಿಂದ ತಲಾ ಇಪ್ಪತ್ತು ಸಾಲುಗಳನ್ನು ಆರಿಸಿ. ಚೆಂದದ್ದನ್ನೇ ಹೆಕ್ಕಬೇಡಿ; ಬೆಲೆ ಹೇಳಿದ್ದು, ಸ್ಟಾಕ್ ಇಲ್ಲ ಎಂದದ್ದು, ತಡವಾದ ಪಾರ್ಸಲಿಗೆ ಕೊಟ್ಟ ಉತ್ತರ, ಎಲ್ಲವೂ ಬರಲಿ. ಯಾರು, ಎಲ್ಲಿ ಬರೆದದ್ದು ಎಂಬ ಗುರುತು ತೆಗೆದು, ಒಂದೊಂದು ಸಾಲನ್ನು ಒಂದೊಂದು ಚೀಟಿಯಲ್ಲಿ ಬರೆದು, ವ್ಯಾಪಾರದಲ್ಲಿ ಇಲ್ಲದ ಯಾರಿಗಾದರೂ ಕೊಟ್ಟು, ಒಬ್ಬೊಬ್ಬರು ಬರೆದಂತೆ ಕಾಣುವುದನ್ನು ಬೇರೆ ಬೇರೆ ಗುಡ್ಡೆ ಮಾಡಲು ಹೇಳಿ. ಎಷ್ಟು ಗುಡ್ಡೆಗಳಾದವು ಎಂಬುದನ್ನು ಇಲ್ಲಿ ಬರೆಯಿರಿ. ಆಮೇಲೆ ಅದೇ ಚೀಟಿಗಳಲ್ಲಿ ಗ್ರಾಹಕರನ್ನು ಕರೆದ ಪದಕ್ಕೆ, ಬಣ್ಣದ ಹೆಸರಿಗೆ ಮತ್ತು "ಇಲ್ಲ" ಎಂದ ಕಡೆಗೆ ಗೆರೆ ಎಳೆಯಿರಿ.

ಹದಿನೆಂಟು ಮೊಳ

ನಾನು ಮಾರುವವಳಲ್ಲ, ಕೊಳ್ಳುವವಳು. ನಿವೃತ್ತಿಯ ನಂತರ ಇದೊಂದು ಚಟ ಎಂದು ಮನೆಯವರು ಹೇಳುತ್ತಾರೆ. ನಿಮ್ಮ ಗ್ರಾಹಕರು ಮಾಡಿದ್ದನ್ನೇ ನಾನೂ ಮಾಡುತ್ತೇನೆ. ಅಂಗಡಿಯವರ ಚಿತ್ರಗಳನ್ನೇ ಕದ್ದು, ಹೆಸರಿನಲ್ಲಿ ಒಂದಕ್ಷರ ಬದಲಿಸಿ, ಬೇರೆ ನಂಬರ್ ಹಾಕಿ ಹಣ ಕೀಳುವ ಪುಟಗಳು ಎಷ್ಟೋ ಇವೆ. ಒಮ್ಮೆ ಹೀಗೆ ಹಣ ಕಳೆದುಕೊಂಡ ಮೇಲೆ ನಾನು ಕಂಡುಕೊಂಡ ಗುರುತು ಒಂದೇ: ಚಿತ್ರವನ್ನು ಕದಿಯಬಹುದು, ಮಾತಾಡುವ ರೀತಿಯನ್ನು ಕದಿಯುವುದು ಕಷ್ಟ. ಪೋಸ್ಟಿನಲ್ಲಿ "ತಾವು" ಎಂದವರು ವಾಟ್ಸ್ಆ್ಯಪ್‌ನಲ್ಲಿ "ಡಿಯರ್" ಎಂದ ತಕ್ಷಣ ನಾನು ಹಣ ಕಳುಹಿಸುವುದನ್ನು ನಿಲ್ಲಿಸುತ್ತೇನೆ. ಆ ಪದದ ಬಗ್ಗೆ ನನಗೆ ಬೇರೆ ತಕರಾರೂ ಇದೆ. ಮೊಮ್ಮಗಳ ವಯಸ್ಸಿನವರು ನನ್ನನ್ನು ಡಿಯರ್ ಎನ್ನುವುದನ್ನು ನಾನು ಯಾಕೆ ಸಹಿಸಬೇಕು?

ಆದರೆ ಒಂದು ಬಿನ್ನಹ. ಮಾತನ್ನು ಒಂದು ಮಾಡುವ ಭರದಲ್ಲಿ ನಿಮ್ಮ ನಾದಿನಿಯವರ "ಅಕ್ಕಾರ"ವನ್ನು ಅಳಿಸಬೇಡಿ. ನೀವು ಬರೆದ ಮೂರರಲ್ಲಿ ನನಗೆ ನಂಬಿಕೆ ಬಂದದ್ದು ಆ ಒಂದು ಸಾಲಿನ ಮೇಲೆ ಮಾತ್ರ.

ಸೆರಗಂಚು

ಚೀಟಿಗಳ ಕೆಲಸ ಮುಗಿಸಿದೆ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಗುಡ್ಡೆ ಮಾಡಿದರು. ನಾವು ಮೂವರು, ಗುಡ್ಡೆಗಳು ನಾಲ್ಕಾದವು! ನಾಲ್ಕನೆಯವರು ಯಾರೆಂದು ನೋಡಿದರೆ ಅದೂ ನಾನೇ. ರಾತ್ರಿ ಹತ್ತರ ನಂತರ ಬರೆದ ಉತ್ತರಗಳೆಲ್ಲ ಬೇರೊಂದು ಗುಡ್ಡೆಯಲ್ಲಿದ್ದವು. "ಇವರು ಯಾರೋ ಗೋದಾಮಿನವರಿರಬೇಕು" ಎಂದು ಶಿಕ್ಷಕಿಯವರು ಹೇಳಿದರು.

ಅರವತ್ತು ಚೀಟಿಗಳಲ್ಲಿ ನಾವು ಗ್ರಾಹಕರನ್ನು ಕರೆದಿರುವ ಪದಗಳು ಆರು: ಡಿಯರ್, ಸಿಸ್, ಮೇಡಂ, ಅಕ್ಕ, ಗ್ರಾಹಕರೇ, ಸ್ನೇಹಿತರೇ. ಯಾವ ಸಂಬೋಧನೆಯೂ ಇಲ್ಲದ ಚೀಟಿಗಳು ಇಪ್ಪತ್ತಕ್ಕೂ ಹೆಚ್ಚು, ಅವುಗಳಲ್ಲಿ ಬಹುಪಾಲು ನನ್ನವು. "ಇಲ್ಲ" ಎಂಬ ಪದ ಬಂದಿರುವ ಕಡೆಯಲ್ಲೆಲ್ಲ ವಾಕ್ಯ ಅಲ್ಲಿಗೇ ಮುಗಿದಿದೆ: ಸ್ಟಾಕ್ ಇಲ್ಲ, ರಿಟರ್ನ್ ಇಲ್ಲ, ಸಿಒಡಿ ಇಲ್ಲ. ಒಟ್ಟಿಗೆ ಓದಿದಾಗ ನನಗೇ ಮುಜುಗರವಾಯಿತು.

ಅಕ್ಷರ ಕೆಲಸ

ಬಹಳ ಚೆನ್ನಾಗಿ ಮಾಡಿದ್ದೀರಿ, ಗೋದಾಮಿನವರು ಸಿಕ್ಕಿದ್ದು ಒಳ್ಳೆಯದೇ ಆಯಿತು. ಈಗ ಆ ಹಸಿರು ಸೀರೆಯನ್ನೇ ಹಿಡಿದು ಮುಂದೆ ಹೋಗೋಣ.

ಸೀರೆಯನ್ನು ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ನೆರಳಿರುವ ಬಾಗಿಲ ಬಳಿ ಬಿಡಿಸಿ, ಮೂವರೂ ಒಟ್ಟಿಗೆ ನೋಡಿ, ಒಂದು ಹೆಸರಿಗೆ ಬನ್ನಿ. ಬಾಟಲ್ ಗ್ರೀನ್ ಎಂದರೆ ಕಪ್ಪಿಗೆ ತಿರುಗಿದ ಹಸಿರು, ಗಿಳಿಹಸಿರು ಎಂದರೆ ಹಳದಿ ಬೆರೆತ ತಿಳಿ ಹಸಿರು. ಎರಡೂ ಒಂದೇ ಸೀರೆಯಾಗಲು ಸಾಧ್ಯವಿಲ್ಲ, ಆದ್ದರಿಂದ ನಿಮ್ಮಲ್ಲಿ ಒಬ್ಬರಾದರೂ ಫೋನಿನ ಪರದೆಯನ್ನು ನೋಡಿ ಹೆಸರಿಟ್ಟಿದ್ದೀರಿ. ಗ್ರಾಹಕರಿಗೆ ಇದು ಬರಿಯ ಪದದ ವ್ಯತ್ಯಾಸವಲ್ಲ, ಪಾರ್ಸಲ್ ತೆರೆದಾಗ ಯಾವ ಬಣ್ಣ ಬರುತ್ತದೆ ಎಂಬ ಅನುಮಾನ. ಆರಿಸಿದ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದಿಡಿ. ಹುಡುಕುವವರು "ಬಾಟಲ್ ಗ್ರೀನ್" ಎಂದೇ ಹುಡುಕುತ್ತಾರೆ ಎಂಬ ವಾದ ಬರುತ್ತದೆ. ಹಾಗಿದ್ದರೆ ಕನ್ನಡ ಹೆಸರಿನ ಪಕ್ಕದಲ್ಲಿ ಅದಕ್ಕೆ ಸಲ್ಲುವ ಒಂದೇ ಒಂದು ಇಂಗ್ಲಿಷ್ ಹೆಸರನ್ನು ಜೋಡಿಸಿ, ಆ ಜೋಡಿಯನ್ನು ಎಂದೂ ಬಿಡಿಸಬೇಡಿ. ನಿಮ್ಮ ದಾಸ್ತಾನಿನಲ್ಲಿ ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೈದು ಬಣ್ಣಗಳಿರಬಹುದು, ಒಂದು ಸಂಜೆಯ ಕೆಲಸ.

ನೀವು "ಬಾಳೆ ಎಲೆ ಹಸಿರು" ಎಂಬುದಕ್ಕೇ ಬಂದಿರಿ ಎಂದುಕೊಳ್ಳೋಣ. ಇನ್‌ಸ್ಟಾಗ್ರಾಮಿನಲ್ಲಿ ಅಣ್ಣನ ಮಗ ಹೀಗೆ ಬರೆಯಬಹುದು: "ಬಾಳೆ ಎಲೆ ಹಸಿರಿನ ಒಡಲಿಗೆ ಕೆಂಪು ಸೆರಗು. ಮಡಿಕೆ ಬಿಚ್ಚಿದಾಗ ಮೊದಲು ಕಣ್ಣಿಗೆ ಬೀಳುವುದು ಸೆರಗಿನ ಬಿಳಿಯ ತೆನೆಗಳು. ಬೆಲೆ ಮತ್ತು ಅಳತೆ ಕೆಳಗಿದೆ ನೋಡಿ." ಕ್ಯಾಟಲಾಗಿನಲ್ಲಿ: "ಬಾಳೆ ಎಲೆ ಹಸಿರು, ಕೆಂಪು ಸೆರಗು. ಹತ್ತಿಯ ಒಡಲು. ರವಿಕೆ ಕಣ ಸೇರಿಲ್ಲ." ವಿಚಾರಿಸಿದವರಿಗೆ ನೀವು: "ನಮಸ್ಕಾರ. ಬಾಳೆ ಎಲೆ ಹಸಿರು ಒಂದು ಸೀರೆ ಉಳಿದಿದೆ. ಬಾಗಿಲ ಬೆಳಕಿನಲ್ಲಿ ತೆಗೆದ ಚಿತ್ರ ಕಳುಹಿಸುತ್ತಿದ್ದೇನೆ, ನೋಡಿ ಹೇಳಿ." ಮೂರರ ಉದ್ದವೂ ಬೇರೆ, ಉದ್ದೇಶವೂ ಬೇರೆ. ಆದರೂ ಮೂರೂ ಒಂದೇ ಮನೆಯವರ ಮಾತು ಎಂದು ಏಕೆ ಅನಿಸುತ್ತದೆ? ಬಣ್ಣದ ಹೆಸರು ಒಂದೇ, ಗ್ರಾಹಕರು ಎಲ್ಲೆಡೆಯೂ "ನೀವು", ಮತ್ತು ಹೊಗಳಿಕೆಗೆ ಬದಲು ಕಣ್ಣಿಗೆ ಕಾಣುವ ಸಂಗತಿಯನ್ನು ಹೇಳುವ ಸ್ವಭಾವ ಮೂರರಲ್ಲೂ ಇದೆ. "ಅದ್ಭುತ", "ರಾಯಲ್", "ಎಲಿಗೆಂಟ್" ಎಂಬವನ್ನು ಒಂದು ತಿಂಗಳು ಬಿಟ್ಟು ನೋಡಿ. ಅವು ಯಾರ ಅಂಗಡಿಯಲ್ಲಿ ಬೇಕಾದರೂ ಸಲ್ಲುವ ಪದಗಳು.

ಸಂಬೋಧನೆಯ ವಿಷಯದಲ್ಲಿ ನನ್ನ ಸಲಹೆ ಇದು: ಬರಹದಲ್ಲಿ ಯಾವ ನಂಟಿನ ಪದವೂ ಬೇಡ, "ನಮಸ್ಕಾರ" ಮತ್ತು "ನೀವು" ಸಾಕು. ಮಾತಿನಲ್ಲಿ, ಅಂದರೆ ಲೈವಿನಲ್ಲಿ, ನಿಮ್ಮ ನಾದಿನಿಯವರು ಅಕ್ಕಾರ ಎನ್ನಲಿ. ಬರಹಕ್ಕೂ ಮಾತಿಗೂ ಇರುವ ಈ ಅಂತರ ಕನ್ನಡ ಓದುಗರಿಗೆ ಹುಟ್ಟಿನಿಂದಲೇ ಪರಿಚಿತ, ಅದರಿಂದ ಯಾರೂ ಬೆದರುವುದಿಲ್ಲ.

ಮಗ್ಗದ ಮನೆ

ನಮ್ಮದು ನೇಯುವ ಮನೆತನ. ಬಣ್ಣದ ಹೆಸರಿನ ಬಗ್ಗೆ ಬಂದ ಮಾತು ನನಗೆ ಹಿಡಿಸಿತು, ಆದರೆ ಅದಕ್ಕಿಂತ ಹೆಚ್ಚು ಕೆಡುಕು ಮಾಡುವುದು ನೂಲಿನ ಹೆಸರು. ಇಳಕಲ್ ಸೀರೆಯ ಒಡಲು ಹತ್ತಿಯದಿರಬಹುದು, ರೇಷ್ಮೆಯದಿರಬಹುದು. ಸೆರಗು ರೇಷ್ಮೆಯದಿರಬಹುದು, ಆರ್ಟ್ ಸಿಲ್ಕಿನದು ಅಂದರೆ ಕೃತಕ ರೇಷ್ಮೆಯದಿರಬಹುದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುವುದರಿಂದಲೇ ಒಂದೇ ಸೀರೆಯಲ್ಲಿ ಎರಡು ನೂಲು ಬರುತ್ತದೆ. ಆದ್ದರಿಂದ "ಇಳಕಲ್ ಸಿಲ್ಕ್" ಎಂಬ ಎರಡು ಪದಗಳು ಏನನ್ನೂ ಹೇಳುವುದಿಲ್ಲ. ಪೋಸ್ಟಿನಲ್ಲಿ "ಸಿಲ್ಕ್" ಎಂದು ಬರೆದು, ಕೇಳಿದವರಿಗೆ ಮಾತ್ರ "ಸೆರಗು ಆರ್ಟ್ ಸಿಲ್ಕ್" ಎನ್ನುವ ಪುಟಗಳನ್ನು ನಾನು ದಿನವೂ ನೋಡುತ್ತೇನೆ. ದನಿಯ ವ್ಯತ್ಯಾಸ ಎಂದು ನೀವು ಕರೆಯುವುದನ್ನು ಕೊಂಡವರು ಮೋಸ ಎಂದು ಕರೆಯುತ್ತಾರೆ. ಒಡಲು ಇಂಥದ್ದು, ಸೆರಗು ಇಂಥದ್ದು ಎಂದು ಎರಡನ್ನೂ ಬೇರೆ ಬೇರೆಯಾಗಿ, ಎಲ್ಲ ಕಡೆಯೂ ಅದೇ ಪದಗಳಲ್ಲಿ ಬರೆಯಿರಿ. ಬಿಳಿಯ ತೆನೆ ಎಂದು ಬರೆದದ್ದು ಸರಿ. ಅದಕ್ಕೆ ತೋಪ್ ತೆನಿ ಸೆರಗು ಎಂಬ ಹೆಸರೇ ಇದೆ, ಅದನ್ನೂ ಹೇಳಿ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಪೋಸ್ಟಿನಲ್ಲಿ, ನೂಲಿನ ಸಣ್ಣ ಗಂಟುಗಳು ಕೈಮಗ್ಗದ ಸೊಬಗು, ನೇಕಾರರ ಬೆರಳಿನ ಗುರುತು ಎಂದೆಲ್ಲ ಬರೆಯುತ್ತೀರಿ. ಅದೇ ಗಂಟಿನ ಚಿತ್ರವನ್ನು ಗ್ರಾಹಕರು ಕಳುಹಿಸಿದಾಗ, "ಕೈಮಗ್ಗ ಅಂದ್ರೆ ಹಾಗೇ ಇರುತ್ತೆ" ಎಂದು ಮುಖ ತಿರುಗಿಸುತ್ತೀರಿ. ಮಾರುವ ಮೊದಲು ಸೊಬಗಾಗಿದ್ದದ್ದು ಮಾರಿದ ಮೇಲೆ ಅವರ ತಿಳಿವಳಿಕೆಯ ಕೊರತೆಯಾಗುವುದು ಹೇಗೆ? ಗಂಟು ಎಷ್ಟು ದೊಡ್ಡದಿದ್ದರೆ ಸಹಜ, ಎಳೆ ಎಷ್ಟು ತಪ್ಪಿದ್ದರೆ ದೋಷ ಎಂಬುದನ್ನು ಮೊದಲೇ ಒಂದು ಚಿತ್ರದಲ್ಲಿ ತೋರಿಸಿ.

ಲೆಕ್ಕದ ಪುಸ್ತಕ

ಮಗ್ಗದ ಮನೆಯವರ ಮಾತಿಗೆ ತಲೆಬಾಗುತ್ತೇನೆ. ಆದರೆ ಉತ್ತರಗಳನ್ನು ಒಂದೇ ತೆರನಾಗಿಸಲು ನಾನು ವಾಟ್ಸ್ಆ್ಯಪ್‌ನ ಸಿದ್ಧ ಉತ್ತರಗಳನ್ನು ಬಳಸಿ ಕೈ ಸುಟ್ಟುಕೊಂಡಿದ್ದೇನೆ. ಐವತ್ತು ಇಡಬಹುದು ಎಂದು ತಿಳಿದು ಐವತ್ತನ್ನೂ ತುಂಬಿಸಿದೆ. ಒಬ್ಬರು ಪಾರ್ಸಲ್ ಒದ್ದೆಯಾಗಿ ಬಂದಿದೆ ಎಂದು ಬರೆದಾಗ ನನ್ನ ಮಗ, "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂಬುದನ್ನು ಕಳುಹಿಸಿದ. ಆ ಗ್ರಾಹಕರು ಅದರ ಚಿತ್ರ ತೆಗೆದು ಊರಿಗೆಲ್ಲ ತೋರಿಸಿದರು. ಎಲ್ಲವೂ ಒಂದೇ ದನಿಯಲ್ಲಿತ್ತು, ಅದು ಯಂತ್ರದ ದನಿಯಾಗಿತ್ತು ಅಷ್ಟೆ.

ಅಕ್ಷರ ಕೆಲಸ

ಐವತ್ತು ಎಂಬುದು ಗರಿಷ್ಠ ಮಿತಿ, ತುಂಬಲೇಬೇಕಾದ ಹಗೇವಲ್ಲ. ಎಂಟೋ ಹತ್ತೋ ಸಾಕು, ಮತ್ತು ಯಾವುದೂ ಹಾಗೆಯೇ ಕಳುಹಿಸಲು ಬರುವಂತೆ ಪೂರ್ಣವಾಗಿರಬಾರದು. ನಾನು ಪ್ರತಿಯೊಂದರಲ್ಲೂ ಬೇಕೆಂದೇ ಒಂದು ಖಾಲಿ ಗೆರೆ ಬಿಡುತ್ತೇನೆ. ಉದಾಹರಣೆಗೆ `/banna` ಎಂದು ಒತ್ತಿದರೆ ಇದು ಬರುತ್ತದೆ: "ನಮಸ್ಕಾರ. ____ ಬಣ್ಣದ ಸೀರೆಯನ್ನು ಬಾಗಿಲ ಬೆಳಕಿನಲ್ಲಿ ತೆಗೆದ ಚಿತ್ರ ಇದು. ಪರದೆಯಲ್ಲಿ ಕಾಣುವುದಕ್ಕಿಂತ ಕೈಯಲ್ಲಿ ____ ಕಾಣುತ್ತದೆ." ತುಂಬದೆ ಕಳುಹಿಸಿದರೆ ನಾಚಿಕೆಯಾಗುವುದರಿಂದ ಬರೆಯುವವರು ಒಂದು ಕ್ಷಣ ನಿಂತು ಓದಲೇಬೇಕಾಗುತ್ತದೆ. ದೂರುಗಳಿಗೆ ಮಾತ್ರ ಸಿದ್ಧ ಉತ್ತರವನ್ನೇ ಇಡಬೇಡಿ.

ಸೆರಗಂಚು ಅವರೇ, ನಿಮ್ಮ "ಹಾಯ್ ಡಿಯರ್" ಬಗ್ಗೆ ಒಂದು ಎಚ್ಚರಿಕೆ ಹೇಳಬೇಕಿತ್ತು. ವಾಟ್ಸ್ಆ್ಯಪ್ ಬಿಸಿನೆಸ್‌ನ ಸ್ವಾಗತ ಸಂದೇಶ ಹೊಸಬರಿಗೆ ಮಾತ್ರ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹದಿನಾಲ್ಕು ದಿನ ಮಾತುಕತೆಯಿಲ್ಲದೆ ಆಮೇಲೆ ಬರೆದ ಹಳೆಯ ಗ್ರಾಹಕರಿಗೂ ಅದು ಹೋಗುತ್ತದೆ. ಈಗ ಯೋಚಿಸಿ: ಸೀರೆ ತಲುಪಿ ಮೂರು ವಾರವಾಗಿದೆ, ಮೊದಲ ಬಾರಿ ಒಗೆದಾಗ ಸೆರಗಿನ ಕೆಂಪು ಒಡಲಿಗೆ ಹತ್ತಿದೆ, ಅವರು ಅಳುವ ದನಿಯಲ್ಲಿ ಚಿತ್ರ ಕಳುಹಿಸುತ್ತಾರೆ. ನಿಮ್ಮ ಫೋನು ತಕ್ಷಣ, "ಹಾಯ್ ಡಿಯರ್, ಸೀರೆ ಲೋಕಕ್ಕೆ ಸ್ವಾಗತ!" ಎನ್ನುತ್ತದೆ. ನಾನು ಕೆಲಸ ಮಾಡಿದ ಒಂದು ಅಂಗಡಿಯಲ್ಲಿ ಇದು ನಡೆದೇ ಹೋಯಿತು. ಸ್ವಾಗತ ಸಂದೇಶವನ್ನು ಹೊಸ ಗ್ರಾಹಕರಿಗೂ ಸಿಟ್ಟಿನಲ್ಲಿರುವ ಹಳಬರಿಗೂ ಸಲ್ಲುವಂತೆ ಬರೆಯಬೇಕು: "ನಮಸ್ಕಾರ. ನಿಮ್ಮ ಸಂದೇಶ ತಲುಪಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಏಳರ ಒಳಗೆ ನಾವೇ ಓದಿ ಉತ್ತರಿಸುತ್ತೇವೆ." ಇದರಿಂದ ನಿಮ್ಮ ಗೋದಾಮಿನವರಿಗೂ ರಾತ್ರಿ ರಜೆ ಸಿಗುತ್ತದೆ.

"ಇಲ್ಲ" ಎಂದು ಹೇಳುವ ಬಗೆಗೆ ಬಂದರೆ, "ರಿಟರ್ನ್ ಇಲ್ಲ" ಎಂಬುದು ಒರಟು ಮಾತ್ರವಲ್ಲ, ಪೂರ್ತಿ ನಿಜವೂ ಅಲ್ಲ. 2020ರ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ ದೋಷವಿರುವ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣಗಳಿಲ್ಲದ ಸರಕನ್ನು ಮರಳಿ ಪಡೆಯಲು ಮಾರುವವರು ನಿರಾಕರಿಸುವಂತಿಲ್ಲ. ಬಾಳೆ ಎಲೆ, ಬಾಟಲ್, ಗಿಳಿ ಎಂದು ಮೂರು ಹೆಸರಿಟ್ಟು ಮಾರಿದ ಸೀರೆಗೆ ಯಾವ ಬಣ್ಣವನ್ನು ಜಾಹೀರುಪಡಿಸಿದ್ದೀರಿ ಎಂದು ಕೇಳಿದರೆ ಏನು ಹೇಳುತ್ತೀರಿ? ನಿಮ್ಮ ನಿಲುವನ್ನು ಪೂರ್ಣ ವಾಕ್ಯದಲ್ಲಿ ಹೇಳಿ: "ಮನಸ್ಸು ಬದಲಾಯಿತೆಂಬ ಕಾರಣಕ್ಕೆ ಸೀರೆಯನ್ನು ಮರಳಿ ಪಡೆಯುವುದು ನಮ್ಮಂಥ ಸಣ್ಣವರಿಗೆ ಕಷ್ಟ. ನೇಯ್ಗೆಯಲ್ಲಿ ದೋಷವಿದ್ದರೆ ಅಥವಾ ನಾವು ಹೇಳಿದ್ದಕ್ಕಿಂತ ಬೇರೆ ಸೀರೆ ಬಂದಿದ್ದರೆ ತಪ್ಪದೆ ಮರಳಿ ಪಡೆಯುತ್ತೇವೆ." ಇದನ್ನೇ ಮೂರೂ ಕಡೆ ಇದೇ ಪದಗಳಲ್ಲಿ ಹಾಕಿ. ಇಂಥ ಕಡೆ ಲೆಕ್ಕದ ಪುಸ್ತಕದವರ ನಕಲು ಅಂಟಿಸುವ ವಿಧಾನವೇ ಸರಿ.

ಹದಿನೆಂಟು ಮೊಳ

ಬೆಲೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಪೋಸ್ಟಿನಲ್ಲಿ ಕವಿತೆ, ಬೆಲೆ ಕೇಳಿದರೆ "ಇನ್‌ಬಾಕ್ಸ್ ನೋಡಿ". ಬೆಲೆಯನ್ನು ಕಿವಿಯಲ್ಲಿ ಹೇಳುವ ಅಂಗಡಿಗೆ ನಾನು ಹೋಗುವುದಿಲ್ಲ.

ಲೆಕ್ಕದ ಪುಸ್ತಕ

ಬೆಲೆಯನ್ನು ಬಹಿರಂಗವಾಗಿ ಹಾಕಿದರೆ ಪಕ್ಕದ ಪುಟದವರು ಅದಕ್ಕಿಂತ ಕಡಿಮೆಗೆ ಹಾಕುತ್ತಾರೆ. ಮಾರುವವರ ಸಂಕಟವೂ ನಿಮಗೆ ತಿಳಿದಿರಲಿ.

ನನ್ನ ಇನ್ನೊಂದು ಪ್ರಶ್ನೆಗೆ ಅಕ್ಷರ ಕೆಲಸದವರು ಉತ್ತರಿಸಲಿ. ಗ್ರಾಹಕರಲ್ಲಿ ಬಹಳ ಮಂದಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ: `idu yava banna, stock ideya`. ಅವರಿಗೆ ಕನ್ನಡ ಲಿಪಿಯಲ್ಲಿ ಉತ್ತರಿಸಿದರೆ ಪಾಠ ಹೇಳಿದಂತಾಗುತ್ತದೆ, ಅವರ ರೀತಿಯಲ್ಲೇ ಉತ್ತರಿಸಿದರೆ ನಮ್ಮ ದನಿ ಎಲ್ಲಿ ಉಳಿಯಿತು?

ಅಕ್ಷರ ಕೆಲಸ

ಇದಕ್ಕೆ ನನ್ನ ಬಳಿ ಗಟ್ಟಿಯಾದ ಉತ್ತರವಿಲ್ಲ. ನಾನು ಅವರ ಲಿಪಿಯಲ್ಲೇ ಉತ್ತರಿಸುತ್ತೇನೆ, ಆದರೆ ವಾಕ್ಯವನ್ನು ಮೊಟಕು ಮಾಡುವುದಿಲ್ಲ: `Namaskara. Bale ele hasiru ondu seere ulidide.` ಲಿಪಿ ಅವರದು, ವಾಕ್ಯ ನಮ್ಮದು.

ಮಗ್ಗದ ಮನೆ

ನಾನು ಇದನ್ನು ಒಪ್ಪುವುದಿಲ್ಲ. ಸೀರೆಯ ಹೆಸರುಗಳು ಆ ಲಿಪಿಯಲ್ಲಿ ಕೆಡುತ್ತವೆ. `teni` ಎಂದು ಬರೆದರೆ ಅರ್ಧದಷ್ಟು ಜನ ಟೆನಿ ಎಂದು ಓದುತ್ತಾರೆ. ಕನ್ನಡದಲ್ಲೇ ಉತ್ತರಿಸಿ, ಓದಲು ಬಾರದವರು ಹೇಳುತ್ತಾರೆ, ಆಗ ಬದಲಿಸಿದರಾಯಿತು.

ಸೆರಗಂಚು

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಬಣ್ಣಗಳ ಪಟ್ಟಿ ಸಿದ್ಧವಾಯಿತು, ಇಪ್ಪತ್ತೆರಡು ಹೆಸರುಗಳು. ಆ ಹಸಿರು ಸೀರೆಯನ್ನು ಬಾಗಿಲ ಬಳಿ ಬಿಡಿಸಿ ನೋಡಿದಾಗ ಮೂವರದ್ದೂ ತಪ್ಪಾಗಿತ್ತು ಎಂದು ತಿಳಿಯಿತು. ಅದು ಪಾಚಿ ಹಸಿರು. ನೂಲಿನ ಬಗ್ಗೆ ಮಗ್ಗದ ಮನೆಯವರು ಹೇಳಿದಂತೆ ಒಡಲು, ಸೆರಗು ಎರಡನ್ನೂ ಬೇರೆ ಬರೆಯತೊಡಗಿದೆವು. ಹಾಗೆ ಬರೆಯಲು ಕುಳಿತಾಗ ನಾಲ್ಕು ಸೀರೆಗಳ ಸೆರಗು ಯಾವ ನೂಲಿನದು ಎಂಬುದೇ ನಮಗೆ ಗೊತ್ತಿಲ್ಲವೆಂದು ಅರಿವಾಗಿ, ಅವನ್ನು ಕೊಟ್ಟವರಿಗೆ ಫೋನ್ ಮಾಡಬೇಕಾಯಿತು.

ಅಣ್ಣನ ಮಗ ಎರಡು ದಿನ ಮುನಿಸಿಕೊಂಡಿದ್ದ. ಅಜ್ಜಿಯ ಪೆಟ್ಟಿಗೆಯನ್ನು ಕಿತ್ತುಕೊಂಡರೆ ತಾನೇನು ಬರೆಯಲಿ ಎಂಬುದು ಅವನ ದೂರು. ಕೊನೆಗೆ ಒಂದು ರಾಜಿಯಾಯಿತು: ಸೀರೆಯ ಮೇಲೆ ನಿಜವಾಗಿ ಕಾಣುವ ಒಂದು ಸಂಗತಿಯಿಂದ ಆರಂಭಿಸಬೇಕು, ಆಮೇಲೆ ಒಂದು ವಾಕ್ಯ ಅವನಿಷ್ಟ. ಬೆಲೆಯನ್ನು ಎಲ್ಲ ಪೋಸ್ಟಿನಲ್ಲೂ ಹಾಕುತ್ತಿದ್ದೇವೆ. ಪಕ್ಕದ ಪುಟದವರು ಕಡಿಮೆಗೆ ಹಾಕಿದ್ದೂ ನಿಜ, ಎರಡು ಸೀರೆಗಳು ಹಾಗೆ ಕೈತಪ್ಪಿದವು. ಆದರೆ "ಪ್ರೈಸ್?" ಎಂಬ ಒಂದೇ ಪದದ ಸಂದೇಶಗಳು ಕಡಿಮೆಯಾದ್ದರಿಂದ ಉಳಿದವರಿಗೆ ನಿಧಾನವಾಗಿ ಉತ್ತರಿಸಲು ನನಗೆ ಬಿಡುವು ಸಿಕ್ಕಿದೆ.

ಮೊನ್ನೆ ಚೀಟಿಗಳನ್ನು ಹೊಸದಾಗಿ ಮಾಡಿ ಅದೇ ಶಿಕ್ಷಕಿಯವರಿಗೆ ಕೊಟ್ಟೆ. ಈ ಸಲ ಎರಡು ಗುಡ್ಡೆಗಳಾದವು. ಎರಡನೆಯದು ಪೂರ್ತಿಯಾಗಿ ನಾದಿನಿ ಫೇಸ್‌ಬುಕ್ ಕಾಮೆಂಟುಗಳಿಗೆ ಕೊಟ್ಟ ಉತ್ತರಗಳದು. ಅವಳು ಲೈವಿನಲ್ಲಿ ಮಾತಾಡಿದಂತೆಯೇ ಅಲ್ಲಿಯೂ ಬರೆಯುತ್ತಾಳೆ, ಅಕ್ಕಾರ, ಐತ್ರಿ ಎಲ್ಲವೂ ಇವೆ. ಅಕ್ಷರ ಕೆಲಸದವರ ಲೆಕ್ಕದಲ್ಲಿ ಅದು ಬರಹ, ಆದ್ದರಿಂದ "ನೀವು" ಎಂದು ತಿದ್ದಬೇಕು; ಹದಿನೆಂಟು ಮೊಳದವರ ಲೆಕ್ಕದಲ್ಲಿ ಅದನ್ನು ಮುಟ್ಟಲೇಬಾರದು. ಅವಳನ್ನು ಕೇಳಿದೆ. "ಲೈವ್ ನೋಡಿದವ್ರ ಅಲ್ಲಿ ಕಾಮೆಂಟ್ ಹಾಕೋದು, ಅವ್ರಿಗೆ ಒಮ್ಮಿಂದೊಮ್ಮೆಲೆ ನಮಸ್ಕಾರ ನೀವು ಅಂದ್ರ ನಾನ ಬದಲಾದೆ ಅನ್ಕೋತಾರ" ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸದ್ಯಕ್ಕೆ ಆ ಗುಡ್ಡೆಯನ್ನು ಹಾಗೆಯೇ ಬಿಟ್ಟಿದ್ದೇವೆ, ಬಣ್ಣದ ಪಟ್ಟಿಯ ಒಂದು ಪ್ರತಿಯನ್ನು ಮಾತ್ರ ಅವಳ ಲೈವ್ ಸ್ಟ್ಯಾಂಡಿಗೆ ಅಂಟಿಸಿದ್ದೇನೆ.